ತಪ್ಪು ನಮ್ಮ ನೆಟ್‌ವರ್ಕಿನದಲ್ಲ ಎಂದು ತೋರಿಸುವ ಇಮೇಲ್

ಕೊಡಗಿನಲ್ಲಿ ಕುಳಿತು ಹೊರಗಿನ ಕಚೇರಿಗೆ ಕೆಲಸ ಮಾಡುವ ನಮ್ಮಂಥವರು ಯಾವ ತೊಂದರೆ ಹೇಳಿಕೊಂಡರೂ ಮೊದಲು ಬರುವ ಉತ್ತರ ಒಂದೇ: ‘ನಿಮ್ಮ ಕಡೆ ನೆಟ್‌ವರ್ಕ್ ಸರಿಯಿದೆಯೇ ನೋಡಿ.’ ಹಾಗೆ ಕೇಳುವವರದ್ದು ತಪ್ಪಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಮಳೆಗೆ ಸಿಲ್ವರ್ ಓಕ್ ಮರದ ಒಂದು ಕೊಂಬೆ ಮುರಿದು ಬಿದ್ದರೂ ವಿದ್ಯುತ್ ತಂತಿಯ ಜೊತೆಗೆ ಫೈಬರ್ ಕೇಬಲ್ಲೂ ಹೋಗುತ್ತದೆ. ನಿಜವಾಗಿಯೂ ಹತ್ತರಲ್ಲಿ ಕೆಲವು ಸಲ ತೊಂದರೆ ನಮ್ಮ ಕಡೆಯದೇ ಆಗಿರುತ್ತದೆ. ಆದರೆ ಉಳಿದ ಸಲಗಳಲ್ಲಿ ಸಾಫ್ಟ್‌ವೇರಿನ ದೋಷವೂ ಮಳೆಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಯಾರೂ ಅದನ್ನು ಸರಿಪಡಿಸಲು ಹೋಗುವುದಿಲ್ಲ.

ನಾನು ನಾಪೋಕ್ಲು ಸಮೀಪದ ಮನೆಯಿಂದ ಮೈಸೂರಿನ ಒಂದು ಕಚೇರಿಗೆ ಸಗಟು ವ್ಯಾಪಾರಿಗಳ ಬಿಲ್ಲುಗಳನ್ನು ದಾಖಲಿಸುವ ಕೆಲಸ ಮಾಡುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. 2025ರ ಕಕ್ಕಡದ ಮಳೆಯ ನಡುವೆ, ಜುಲೈ 21ರ ಸೋಮವಾರ, ದೊಡ್ಡದೊಂದು ಬಿಲ್ಲನ್ನು ಉಳಿಸಲು ಹೋದಾಗ ದೋಷ ಕಾಣಿಸಿಕೊಂಡಿತು. ಅದಕ್ಕೂ ಕೆಲವು ವಾರಗಳ ಹಿಂದೆ ಇದೇ ತೊಂದರೆಯ ಬಗ್ಗೆ ‘ಬಿಲ್ ಉಳಿಯುತ್ತಿಲ್ಲ, ದಯವಿಟ್ಟು ನೋಡಿ’ ಎಂದು ಒಂದು ಸಾಲು ಬರೆದಿದ್ದೆ. ಉತ್ತರವಾಗಿ ಬಂದದ್ದು ಮೇಲೆ ಹೇಳಿದ ಅದೇ ಮಾತು. ಈ ಸಲ ಬೇರೆ ರೀತಿಯಲ್ಲಿ ಬರೆದೆ. ಮ್ಯಾನೇಜರ್ ಒಂದೂ ಮರುಪ್ರಶ್ನೆ ಕೇಳದೆ ಅದನ್ನು ಸಾಫ್ಟ್‌ವೇರ್ ತಂಡಕ್ಕೆ ಕಳುಹಿಸಿದರು. ಆ ಇಮೇಲ್ ಹೇಗೆ ಸಿದ್ಧವಾಯಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಕೈ ನಿಲ್ಲಿಸಿ, ಪರದೆಯನ್ನು ಓದಿ

ಅಂದು ಬಿಲ್ಲಿನಲ್ಲಿ 214 ಸಾಲುಗಳಿದ್ದವು. ‘ಉಳಿಸು’ ಗುಂಡಿ ಒತ್ತಿದ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಬಿಳಿಯ ಪುಟದ ಮೇಲೆ ಇಷ್ಟೇ ಬಂತು:

```
504 Gateway Time-out
nginx
```

ಇಂಥ ಪುಟ ಕಂಡ ಕೂಡಲೇ ಬೆರಳು ತಾನಾಗಿ F5 ಕಡೆಗೆ ಹೋಗುತ್ತದೆ. ಒತ್ತಬೇಡಿ. ಫಾರ್ಮ್ ಸಲ್ಲಿಸಿದ ಮೇಲೆ ಬಂದ ಪುಟವನ್ನು ಮತ್ತೆ ಲೋಡ್ ಮಾಡಿದರೆ ಬ್ರೌಸರ್ ಅದೇ ಫಾರ್ಮನ್ನು ಇನ್ನೊಮ್ಮೆ ಸಲ್ಲಿಸುತ್ತದೆ. ಅದಕ್ಕೆ ಮುನ್ನ ಕ್ರೋಮ್ `Confirm Form Resubmission` ಎಂದು ಕೇಳುತ್ತದೆ. ಆ ಪ್ರಶ್ನೆ ಕಂಡರೆ `Cancel` ಒತ್ತಿ. ‘ಮುಂದುವರಿಸಿ’ ಎಂದರೆ ಇನ್ನೊಂದು ಬಿಲ್ ಹುಟ್ಟುವ ಸಾಧ್ಯತೆ ಇದೆ.

ಈಗ ಪರದೆಯ ಮೇಲಿನ ಅಕ್ಷರಗಳನ್ನು ನೋಡಿ. ತಪ್ಪು ಯಾರ ಕಡೆಯದು ಎಂಬುದರ ಮೊದಲ ಸುಳಿವು ಅಲ್ಲೇ ಇರುತ್ತದೆ. ನಮ್ಮ ಮನೆಯ ಸಂಪರ್ಕವೇ ಕಡಿದಿದ್ದರೆ ದೋಷವನ್ನು ಹೇಳುವುದು ಬ್ರೌಸರ್. ಆಗ ಪುಟದ ಕೆಳಗೆ `ERR_INTERNET_DISCONNECTED` ಅಥವಾ `DNS_PROBE_FINISHED_NO_INTERNET` ಎಂದಿರುತ್ತದೆ. ಕರೆಂಟು ಹೋಗಿ ರೂಟರ್ ಆರಿ, ಲ್ಯಾಪ್‌ಟಾಪ್ ಮೊಬೈಲಿನ ಹಾಟ್‌ಸ್ಪಾಟಿಗೆ ಹಾರಿದಾಗ `ERR_NETWORK_CHANGED` ಕಾಣಬಹುದು. ಮಳೆಗಾಲದಲ್ಲಿ ನಮಗೆ ಬಹಳ ಪರಿಚಿತವಾದ ಪದ ಇದು. `ERR_` ಅಥವಾ `DNS_` ಎಂದು ಆರಂಭವಾಗುವ ಇವೆಲ್ಲ ಬ್ರೌಸರಿನ ಮಾತುಗಳು. ಇವುಗಳಲ್ಲಿ ಹೆಚ್ಚಿನವು ಸರ್ವರ್‌ವರೆಗೆ ಹೋಗಿ ಉತ್ತರ ತರಲು ಆಗಲಿಲ್ಲ ಎಂದು ಹೇಳುತ್ತವೆ.

504 ಹಾಗಲ್ಲ. ಅದು ಸರ್ವರಿನ ಕಡೆಯಿಂದ ಬಂದ ಉತ್ತರ. ಆ ಬಿಳಿಯ ಪುಟ ನನ್ನ ಪರದೆಗೆ ತಲುಪಿದ್ದೇ ನನ್ನ ನೆಟ್‌ವರ್ಕಿನ ಮೂಲಕ. ಅಂದರೆ ನನ್ನ ಕೋರಿಕೆ ಹೋಗಿದೆ, ಉತ್ತರವೂ ಬಂದಿದೆ. ಬಂದ ಉತ್ತರ ಮಾತ್ರ ‘ಒಳಗಿನವರು ಸಮಯಕ್ಕೆ ಸರಿಯಾಗಿ ಏನೂ ಹೇಳಲಿಲ್ಲ’ ಎಂಬುದು.

ಹೋಟೆಲಿನ ಉದಾಹರಣೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ನಾವು ಮಾಣಿಗೆ ದೋಸೆ ಹೇಳುತ್ತೇವೆ. ಮಾಣಿ ಅಡುಗೆಮನೆಯ ಕಿಟಕಿಯ ಬಳಿ ನಿಗದಿಯಾದಷ್ಟು ಹೊತ್ತು ಕಾಯುತ್ತಾನೆ, ದೋಸೆ ಬರುವುದಿಲ್ಲ, ಬರಿಗೈಯಲ್ಲಿ ಬಂದು ‘ಆಗಲಿಲ್ಲ’ ಎನ್ನುತ್ತಾನೆ. ಆದರೆ ಒಳಗೆ ದೋಸೆ ಕಾವಲಿಯ ಮೇಲೆಯೇ ಇದೆ. ಭಟ್ಟರಿಗೆ ನಿಲ್ಲಿಸಿ ಎಂದು ಯಾರೂ ಹೇಳಿಲ್ಲ. ನಾವು ಮತ್ತೆ ಹೇಳಿದರೆ ಎರಡು ದೋಸೆ ಬರುತ್ತವೆ. ಇಲ್ಲಿ ಮಾಣಿಯೆಂದರೆ ಎದುರಿಗೆ ನಿಂತ nginx ಎಂಬ ಸರ್ವರ್. ಒಳಗಿನ ಅಡುಗೆಮನೆ ಬಿಲ್ಲಿಂಗ್ ಸಾಫ್ಟ್‌ವೇರ್. ಯಾರೂ ಬದಲಿಸದಿದ್ದರೆ nginx ಹೀಗೆ ಕಾಯುವ ಅವಧಿ 60 ಸೆಕೆಂಡು. ಈ ಅಂಕಿ ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕಚೇರಿಯ ವಿಪಿಎನ್ ಅಥವಾ ಪ್ರಾಕ್ಸಿಯ ಮೂಲಕ ನೀವು ಕೆಲಸ ಮಾಡುವುದಾದರೆ 504 ಅಲ್ಲಿಂದಲೂ ಹುಟ್ಟಬಹುದು. ಆಗಲೂ ಅದು ನಿಮ್ಮ ಮನೆಯ ಫೈಬರಿನ ತಪ್ಪಲ್ಲ. ಆದರೆ ವಿಪಿಎನ್ ಬಳಸುತ್ತಿದ್ದಿರೋ ಇಲ್ಲವೋ ಎಂಬುದನ್ನು ಇಮೇಲಿನಲ್ಲಿ ಹೇಳಲೇಬೇಕು.

ಎರಡನೆಯ ಹೆಜ್ಜೆ: ಚಿತ್ರ ತೆಗೆಯುವುದು

ದೋಷದ ಪುಟವನ್ನು ಮುಚ್ಚುವ ಮುನ್ನವೇ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ, Shift ಮತ್ತು S ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ಮ್ಯಾಕ್‌ನಲ್ಲಾದರೆ Shift, Command ಮತ್ತು 5. ದೋಷದ ಎರಡು ಸಾಲನ್ನಷ್ಟೇ ಕತ್ತರಿಸಿಕೊಳ್ಳಬೇಡಿ. ಇಡೀ ಪರದೆ ಬರಲಿ: ಮೇಲೆ ವಿಳಾಸ ಪಟ್ಟಿ, ಕೆಳಗೆ ಗಡಿಯಾರ. ಯಾವ ಪುಟದಲ್ಲಿ, ಯಾವ ಹೊತ್ತಿಗೆ ಆಯಿತು ಎಂಬ ಎರಡು ಪ್ರಶ್ನೆಗಳಿಗೆ ಚಿತ್ರವೇ ಉತ್ತರ ಕೊಡಬೇಕು.

ಗಡಿಯಾರದಲ್ಲಿ ಸೆಕೆಂಡು ಕಾಣುವುದಿಲ್ಲವಲ್ಲ ಎಂದು ಚಿಂತಿಸಬೇಕಿಲ್ಲ. ವಿಂಡೋಸ್ 11ರಲ್ಲಿ ಸ್ಕ್ರೀನ್‌ಶಾಟ್ ತಾನಾಗಿಯೇ ಚಿತ್ರಗಳ ಫೋಲ್ಡರಿನಲ್ಲಿ ಉಳಿಯುತ್ತದೆ, ಅದರ ಹೆಸರಿನಲ್ಲೇ ಸೆಕೆಂಡು ಇರುತ್ತದೆ. ನನ್ನ ಮೊದಲ ಚಿತ್ರದ ಹೆಸರು ಹೀಗಿತ್ತು:

```
Screenshot 2025-07-21 114318.png
```

ಅಂದರೆ 11 ಗಂಟೆ 43 ನಿಮಿಷ 18 ಸೆಕೆಂಡು. ಆದ್ದರಿಂದ ಈ ಹೆಸರನ್ನು ಅಳಿಸಿ ‘ದೋಷ’ ಎಂದೋ ‘ಹೊಸತು’ ಎಂದೋ ಇಡಬೇಡಿ. ಅದರ ಮುಂದೆ 1, 2, 3 ಎಂದು ಸಂಖ್ಯೆ ಸೇರಿಸಿದರೆ ಸಾಕು.

ಮೊದಲ ಚಿತ್ರ ತೆಗೆದ ಮೇಲೆ ನಾನು ಹಿಂದಿನ ಪುಟಕ್ಕೆ ಹೋಗಿ ಬಿಲ್ಲನ್ನು ಇನ್ನೊಮ್ಮೆ ಉಳಿಸಲು ಯತ್ನಿಸಿದೆ. ಅದು ನನ್ನ ತಪ್ಪು. ಮೊದಲು ಬಿಲ್ಲುಗಳ ಪಟ್ಟಿಯನ್ನು ನೋಡಬೇಕಿತ್ತು. ಆದರೆ ಈ ಸಲ ಒತ್ತುವ ಮುನ್ನ F12 ಒತ್ತಿ, ಬ್ರೌಸರಿನ ಒಳಗಿನ ಉಪಕರಣಗಳನ್ನು ತೆರೆದು, `Network` ಎಂಬ ಭಾಗದಲ್ಲಿ `Preserve log` ಗುರುತು ಹಾಕಿಟ್ಟಿದ್ದೆ. ಈ ಭಾಗ ತೆರೆದ ಮೇಲೆ ನಡೆದದ್ದನ್ನು ಮಾತ್ರ ದಾಖಲಿಸುತ್ತದೆ, ಹಿಂದೆ ಆದದ್ದನ್ನಲ್ಲ. ಹೀಗಾಗಿ ಪದೇ ಪದೇ ತೊಂದರೆ ಕೊಡುವ ಪುಟದಲ್ಲಿ ಕೆಲಸ ಮಾಡುವಾಗ ಇದನ್ನು ಮೊದಲೇ ತೆರೆದಿಡುವುದು ಒಳ್ಳೆಯದು.

ಮತ್ತೆ ಅದೇ ದೋಷ ಬಂತು. ಆದರೆ ಈಗ ನನ್ನ ಬಳಿ ಒಂದು ಸಾಲು ಸಿಕ್ಕಿತು: ಕೋರಿಕೆಯ ಸ್ಥಿತಿ 504, ತೆಗೆದುಕೊಂಡ ಸಮಯ `1.0 min`. ಆ ಸಾಲಿನ ಮೇಲೆ ಒತ್ತಿದರೆ ಸರ್ವರ್ ತನ್ನ ಉತ್ತರದ ಜೊತೆಗೆ ಕಳುಹಿಸಿದ ಸಮಯವೂ ಕಾಣುತ್ತದೆ:

```
Date: Mon, 21 Jul 2025 06:14:40 GMT
```

ಇದು ನಮ್ಮ ಸಮಯವಲ್ಲ. ಭಾರತೀಯ ಕಾಲಮಾನಕ್ಕೆ ಐದೂವರೆ ಗಂಟೆ ಕೂಡಿಸಬೇಕು: 11 ಗಂಟೆ 44 ನಿಮಿಷ 40 ಸೆಕೆಂಡು. ನನ್ನ ಗಡಿಯಾರವೂ ಅದನ್ನೇ ಹೇಳುತ್ತಿತ್ತು. ಮನೆಯ ನೆಟ್‌ವರ್ಕ್ ಕಡಿದರೆ ದೋಷ ಒಮ್ಮೆ ಹತ್ತು ಸೆಕೆಂಡಿಗೆ, ಇನ್ನೊಮ್ಮೆ ನಲವತ್ತಕ್ಕೆ, ಮಳೆ ಗಾಳಿ ಹೇಗೆ ಬಂತೋ ಹಾಗೆ ಬರುತ್ತದೆ. ಎಣಿಸಿಟ್ಟಂತೆ ಒಂದು ನಿಮಿಷಕ್ಕೆ ಸರಿಯಾಗಿ ಬಂತೆಂದರೆ ಅಲ್ಲಿ ಯಾರೋ ಬರೆದಿಟ್ಟ ಕಾಯುವ ಅವಧಿ ಮುಗಿದಿದೆ ಎಂದೇ ಅರ್ಥ. ಎರಡನೆಯ ಚಿತ್ರ ಇದು.

ಮೂರನೆಯದು ಬಿಲ್ಲುಗಳ ಪಟ್ಟಿಯ ಚಿತ್ರ. ಪಟ್ಟಿಯನ್ನು ತೆರೆದಾಗ ಒಂದರ ಕೆಳಗೊಂದು ಎರಡು ಬಿಲ್ಲುಗಳು ಕುಳಿತಿದ್ದವು. 3187 ಮತ್ತು 3188. ಒಂದೇ ಗ್ರಾಹಕ, ಒಂದೇ ಮೊತ್ತ, ಎರಡರಲ್ಲೂ 214 ಸಾಲು. ಮೊದಲನೆಯದರ ಸಮಯ 11:43, ಎರಡನೆಯದರದು 11:44. ‘ಆಗಲಿಲ್ಲ’ ಎಂದ ಸಾಫ್ಟ್‌ವೇರ್ ಎರಡೂ ಸಲ ಕೆಲಸವನ್ನು ಪೂರ್ತಿ ಮಾಡಿ ಮುಗಿಸಿತ್ತು.

ಇಡೀ ದೂರಿನ ತಿರುಳು ಈ ಮೂರನೆಯ ಚಿತ್ರದಲ್ಲಿದೆ. ಪುಟ ನಿಧಾನವಾಗಿದೆ ಎನ್ನುವುದು ಕಿರಿಕಿರಿ ಅಷ್ಟೇ. ಒಂದೇ ಸರಕಿಗೆ ಎರಡು ಬಿಲ್ ಆಗುತ್ತಿದೆ ಎನ್ನುವುದು ಲೆಕ್ಕದ ತಪ್ಪು. ಗ್ರಾಹಕನ ಬಾಕಿ ದುಪ್ಪಟ್ಟಾಗುತ್ತದೆ, ಜಿಎಸ್‌ಟಿ ಲೆಕ್ಕದಲ್ಲೂ ಅದು ಸೇರಿಕೊಳ್ಳುತ್ತದೆ. ಹಾಗೆಂದು ಎರಡನೆಯ ಬಿಲ್ಲನ್ನು ನಾನೇ ಅಳಿಸಲು ಹೋಗಲಿಲ್ಲ. ಬಿಲ್ ಸಂಖ್ಯೆಗಳು ಸರಣಿಯಲ್ಲಿ ಸಾಗುತ್ತವೆ. ಯಾವುದನ್ನು ರದ್ದು ಮಾಡಬೇಕು, ಹೇಗೆ ಮಾಡಬೇಕು ಎಂಬುದು ಲೆಕ್ಕದವರ ತೀರ್ಮಾನ. ಅಲ್ಲದೆ ಅದನ್ನು ಅಳಿಸಿದರೆ ದೋಷದ ಸಾಕ್ಷಿಯೂ ಹೋಗುತ್ತದೆ.

ಮೂರನೆಯ ಹೆಜ್ಜೆ: ಗುರುತು ಹಾಕುವುದು, ಮುಚ್ಚುವುದು

ಗುರುತು ಹಾಕುವಾಗ ನಾನು ಪಾಲಿಸುವ ನಿಯಮ ಒಂದೇ: ಒಂದು ಚಿತ್ರ ಒಂದು ವಿಷಯವನ್ನು ಹೇಳಬೇಕು. ಮೊದಲ ಚಿತ್ರದಲ್ಲಿ 504 ಎಂಬ ಸಾಲಿನ ಸುತ್ತ ಕೆಂಪು ಚೌಕ. ಎರಡನೆಯದರಲ್ಲಿ `1.0 min` ಸುತ್ತ ಇನ್ನೊಂದು. ಮೂರನೆಯದರಲ್ಲಿ ಎರಡು ಬಿಲ್ಲುಗಳನ್ನು ಒಟ್ಟಿಗೆ ಸುತ್ತುವ ಒಂದು ಚೌಕ, ಅದರೊಳಗೆ ಬಿಲ್ ಸಂಖ್ಯೆಗಳ ಪಕ್ಕ ‘ಅ’ ಮತ್ತು ‘ಆ’ ಎಂಬ ಗುರುತು. ಇಮೇಲಿನಲ್ಲಿ ‘ಚಿತ್ರ 3ರಲ್ಲಿ ಅ, ಆ ನೋಡಿ’ ಎಂದು ಬರೆಯಲು ಅದರಿಂದ ಸಾಧ್ಯವಾಗುತ್ತದೆ. ‘ಕೆಂಪು ಗುರುತು ನೋಡಿ, ಹಸಿರು ಗುರುತು ನೋಡಿ’ ಎಂದು ಬಣ್ಣದಿಂದ ಹೇಳಬೇಡಿ. ಕೆಂಪು ಮತ್ತು ಹಸಿರಿನ ನಡುವೆ ವ್ಯತ್ಯಾಸ ಕಾಣದ ಕಣ್ಣುಗಳು ಎಷ್ಟೋ ಇವೆ. ಕಪ್ಪು ಬಿಳುಪಿನಲ್ಲಿ ಮುದ್ರಿಸುವವರೂ ಇದ್ದಾರೆ.

ಬಾಣ, ವೃತ್ತ, ಅಡಿಗೆರೆ, ಆಶ್ಚರ್ಯಸೂಚಕ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುಂಬಿದರೆ ನೋಡುವವರಿಗೆ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ. ಗೆರೆ ದೋಷದ ಅಕ್ಷರಗಳ ಮೇಲೆ ಹಾಯದಂತೆ ಸ್ವಲ್ಪ ದೂರ ಬಿಟ್ಟು ಚೌಕ ಎಳೆಯಿರಿ. ಗುರುತಿಲ್ಲದ ಮೂಲ ಚಿತ್ರವನ್ನು ನಿಮ್ಮ ಬಳಿ ಇಟ್ಟುಕೊಂಡು, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ. ‘ಗೆರೆಯ ಕೆಳಗೆ ಏನಿತ್ತು?’ ಎಂದು ನಾಳೆ ತಂಡದವರು ಕೇಳಬಹುದು.

ಇನ್ನು ಮುಚ್ಚುವ ವಿಷಯ. ಇದನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ, ನನಗೆ ಇದರ ಬಗ್ಗೆ ನಿಜವಾದ ಆತಂಕವಿದೆ. ಬಿಲ್ಲಿನ ಪಟ್ಟಿಯಲ್ಲಿ ಗ್ರಾಹಕರ ಹೆಸರು, ಫೋನ್ ಸಂಖ್ಯೆ, ಜಿಎಸ್‌ಟಿ ಸಂಖ್ಯೆ ಎಲ್ಲವೂ ಕಾಣುತ್ತವೆ. ನಾವು ಮ್ಯಾನೇಜರ್‌ಗೆ ಮಾತ್ರ ಕಳುಹಿಸುತ್ತೇವೆ ಎಂದುಕೊಂಡರೂ ಆ ಚಿತ್ರ ಅಲ್ಲಿಂದ ಹೊರಗಿನ ಸಾಫ್ಟ್‌ವೇರ್ ತಂಡಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ. ವಿಳಾಸ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ `token` ಅಥವಾ `session` ಎಂಬ ಪದದ ಜೊತೆಗೆ ಉದ್ದನೆಯ ಅಕ್ಷರಮಾಲೆ ಇದ್ದರೆ ಅದನ್ನೂ ಮುಚ್ಚಬೇಕು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅದು ನಿಮ್ಮ ಹೆಸರಿನಲ್ಲಿ ಒಳಗೆ ಹೋಗಲು ಬೇರೆಯವರಿಗೆ ಸಿಕ್ಕ ಕೀಲಿಯಂತೆ.

ಮುಚ್ಚುವುದಕ್ಕೆ ಬಣ್ಣ ತುಂಬಿದ ಗಟ್ಟಿ ಕಪ್ಪು ಚೌಕವನ್ನೇ ಬಳಸಿ. ಕಪ್ಪು ಹೈಲೈಟರ್ ಬೇಡ. ಅದು ಅರೆಪಾರದರ್ಶಕ, ಚಿತ್ರದ ಬೆಳಕನ್ನು ಹೆಚ್ಚಿಸಿದರೆ ಕೆಳಗಿನ ಅಕ್ಷರ ಮೇಲೆದ್ದು ಬರಬಹುದು. ಮಸುಕು ಮಾಡುವುದೂ ಅಷ್ಟು ಭದ್ರವಲ್ಲ, ಅದರಲ್ಲೂ ಅಂಕಿಗಳ ವಿಷಯದಲ್ಲಿ. ಕತ್ತರಿಸುವುದರಲ್ಲೂ ಎಚ್ಚರ ಬೇಕು. 2023ರ ಮಾರ್ಚ್‌ನಲ್ಲಿ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಉಪಕರಣದಲ್ಲೂ, ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಒಂದು ದೋಷ ಬೆಳಕಿಗೆ ಬಂತು. ಕತ್ತರಿಸಿದ ಚಿತ್ರವನ್ನು ಹಳೆಯ ಕಡತದ ಮೇಲೆಯೇ ಉಳಿಸಿದಾಗ, ಕತ್ತರಿಸಿ ತೆಗೆದ ಭಾಗದ ಮಾಹಿತಿ ಕಡತದ ಕೊನೆಯಲ್ಲಿ ಹಾಗೆಯೇ ಉಳಿದುಬಿಡುತ್ತಿತ್ತು. ಬಲ್ಲವರು ಅದರಿಂದ ಚಿತ್ರದ ಒಂದಷ್ಟು ಭಾಗವನ್ನು ಮರಳಿ ಪಡೆಯಬಹುದಿತ್ತು. ಅದನ್ನು ಸರಿಪಡಿಸಲಾಗಿದೆ. ಆದರೂ ತಿದ್ದಿದ ಚಿತ್ರವನ್ನು ಹೊಸ ಹೆಸರಿನಲ್ಲೇ ಉಳಿಸುವುದು ಒಳ್ಳೆಯ ಅಭ್ಯಾಸ. ವರ್ಡ್ ಕಡತಕ್ಕೆ ಚಿತ್ರವನ್ನು ಅಂಟಿಸಿ ಅಲ್ಲಿ ಕತ್ತರಿಸಿ ಕಳುಹಿಸುವುದಂತೂ ಬೇಡ. ಅಲ್ಲಿ ಕತ್ತರಿಸಿದ ಭಾಗ ಅಡಗಿರುತ್ತದೆ ಅಷ್ಟೇ, ತಾನಾಗಿ ಅಳಿಯುವುದಿಲ್ಲ.

ಏನನ್ನು ಮುಚ್ಚಬಾರದು ಎಂಬುದೂ ಮುಖ್ಯ. ಬಿಲ್ ಸಂಖ್ಯೆ, ಸಮಯ, ಸಾಲುಗಳ ಎಣಿಕೆ ಕಾಣಲೇಬೇಕು. ತಂಡದವರು ತಮ್ಮ ದಾಖಲೆಯಲ್ಲಿ ಹುಡುಕುವುದು ಅವುಗಳನ್ನೇ.

ಚಿತ್ರಗಳನ್ನು ಪಿಎನ್‌ಜಿ ರೂಪದಲ್ಲೇ ಬಿಡಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿ ಅಲ್ಲಿಂದ ಇಮೇಲಿಗೆ ಹಾಕುವ ದಾರಿ ಹಿಡಿದರೆ ಅದು ಚಿತ್ರವನ್ನು ಕುಗ್ಗಿಸಿ, ಸಣ್ಣ ಅಕ್ಷರಗಳನ್ನು ಕಲಸಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಒಂದು ಹೋಲಿಕೆ

ಇಮೇಲ್ ಬರೆಯುವ ಮುನ್ನ ಹತ್ತು ನಿಮಿಷ ಇದಕ್ಕೆ ಕೊಟ್ಟೆ. ಅಂದು ಹೇಗೂ ದಾಖಲಿಸಬೇಕಿದ್ದ ಇನ್ನೆರಡು ಬಿಲ್ಲುಗಳನ್ನು `Network` ತೆರೆದಿಟ್ಟೇ ಉಳಿಸಿದೆ. 20 ಸಾಲಿನ ಬಿಲ್ 6 ಸೆಕೆಂಡಿನಲ್ಲಿ ಉಳಿಯಿತು. 90 ಸಾಲಿನದು 26 ಸೆಕೆಂಡು ತೆಗೆದುಕೊಂಡಿತು. ಒಂದು ಸಾಲಿಗೆ ಸುಮಾರು 0.3 ಸೆಕೆಂಡು ಎಂದಾಯಿತು. ಆ ಲೆಕ್ಕದಲ್ಲಿ 214 ಸಾಲಿಗೆ ಒಂದು ನಿಮಿಷ ದಾಟುತ್ತದೆ, 60 ಸೆಕೆಂಡಿನ ಗೆರೆಯ ಆಚೆಗೆ ಬೀಳುತ್ತದೆ. ಅದೇ ಮನೆ, ಅದೇ ಫೈಬರ್, ಅದೇ ಅರ್ಧ ಗಂಟೆ. ಸಣ್ಣ ಬಿಲ್ಲುಗಳಿಗೆ ತೊಂದರೆಯಿಲ್ಲ, ದೊಡ್ಡದಕ್ಕೆ ಮಾತ್ರ ಇದೆ. ನೆಟ್‌ವರ್ಕಿನ ಮೇಲೆ ಅನುಮಾನ ಉಳಿದಿದ್ದರೆ ಅದು ಇಲ್ಲಿಗೆ ಮುಗಿಯುತ್ತದೆ.

ಪರೀಕ್ಷೆಗೆಂದು ಸುಳ್ಳು ಬಿಲ್ಲುಗಳನ್ನು ಮಾತ್ರ ಸೃಷ್ಟಿಸಬೇಡಿ. ನಿಜವಾದ ಲೆಕ್ಕದಲ್ಲಿ ಅವು ಕುಳಿತುಬಿಡುತ್ತವೆ. ಮಾಡಬೇಕಾದ ಕೆಲಸವನ್ನೇ ಗಮನಿಸಿ ಅಳೆಯಿರಿ.

ಐದನೆಯ ಹೆಜ್ಜೆ: ಇಮೇಲ್

ನಮ್ಮ ಮ್ಯಾನೇಜರ್ ಇಮೇಲನ್ನು ಹೆಚ್ಚಾಗಿ ಮೊಬೈಲಿನಲ್ಲೇ ಓದುತ್ತಾರೆ, ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ. ಆದ್ದರಿಂದ ವಿಷಯದ ಸಾಲು ಮತ್ತು ಮೊದಲ ನಾಲ್ಕು ಸಾಲುಗಳಲ್ಲಿ ಏನಾಯಿತು, ಅದರಿಂದ ಏನು ತೊಂದರೆ, ಅವರಿಂದ ನನಗೇನು ಬೇಕು ಎಂಬುದು ಮುಗಿದಿರಬೇಕು. ವಿವರ ಕೆಳಗಿರಲಿ. ದೋಷದ ಅಕ್ಷರಗಳನ್ನು ಚಿತ್ರದಲ್ಲಿ ಇದ್ದರೂ ಇಮೇಲಿನಲ್ಲಿ ಟೈಪ್ ಮಾಡಿಯೇ ಹಾಕಬೇಕು. ಮುಂದೆ ಯಾರಾದರೂ 504 ಎಂದು ಹುಡುಕಿದಾಗ ಈ ಇಮೇಲ್ ಸಿಗುವುದು ಆಗ ಮಾತ್ರ. ನಾನು ಕಳುಹಿಸಿದ್ದು ಇದು:

> ವಿಷಯ: ದೊಡ್ಡ ಬಿಲ್ ಉಳಿಸುವಾಗ 504 ದೋಷ, ಒಂದೇ ಬಿಲ್ ಎರಡು ಸಲ ದಾಖಲಾಗಿದೆ (3187, 3188)
>
> ನಮಸ್ಕಾರ ಮೇಡಂ,
>
> ಇಲ್ಲಿ ಬೆಳಗಿನಿಂದ ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಕರೆಂಟೂ ಫೈಬರೂ ಎರಡೂ ಸರಿಯಾಗಿವೆ, ಕೆಲಸ ಚೆನ್ನಾಗಿ ಸಾಗುತ್ತಿದೆ.
>
> ಇಂದು 11:42ರ ಸುಮಾರಿಗೆ 214 ಸಾಲುಗಳ ಬಿಲ್ ಉಳಿಸಿದಾಗ 504 Gateway Time-out ಎಂದು ಬಂತು. ಉಳಿಯಲಿಲ್ಲ ಎಂದುಕೊಂಡು ನಾನು ಇನ್ನೊಮ್ಮೆ ಉಳಿಸಿದೆ, ಮತ್ತೆ ಅದೇ ದೋಷ ಬಂತು. ಆದರೆ ಪಟ್ಟಿಯಲ್ಲಿ ನೋಡಿದರೆ ಎರಡು ಸಲವೂ ಬಿಲ್ ಉಳಿದಿದೆ.
>
> ನಿಮ್ಮಿಂದ ಎರಡು ವಿಷಯ ಬೇಕಿತ್ತು. 3187 ಮತ್ತು 3188ರಲ್ಲಿ ಯಾವುದನ್ನು ರದ್ದು ಮಾಡಬೇಕು ಎಂದು ಲೆಕ್ಕದ ವಿಭಾಗವನ್ನು ಕೇಳಿ ತಿಳಿಸುತ್ತೀರಾ? ಅಲ್ಲಿಯವರೆಗೆ ಎರಡನ್ನೂ ಮುಟ್ಟುವುದಿಲ್ಲ. ಹಾಗೆಯೇ ಕೆಳಗಿನ ವಿವರವನ್ನು ಸಾಫ್ಟ್‌ವೇರ್ ತಂಡಕ್ಕೆ ಕಳುಹಿಸಿದರೆ ಉಪಕಾರವಾಗುತ್ತದೆ.
>
> ಚಿತ್ರ 1: ಮೊದಲ ಸಲದ ದೋಷ, 11:43.
> ಚಿತ್ರ 2: ಎರಡನೆಯ ಸಲದ್ದು, 11:44:40 (ಭಾರತೀಯ ಕಾಲಮಾನ). ಉತ್ತರ ಬರಲು ಸರಿಯಾಗಿ ಒಂದು ನಿಮಿಷ ಹಿಡಿದಿದೆ.
> ಚಿತ್ರ 3: ಬಿಲ್ಲುಗಳ ಪಟ್ಟಿ. ‘ಅ’ ಮತ್ತು ‘ಆ’ ಎಂದು ಗುರುತಿಸಿದ ಎರಡೂ ಒಂದೇ ಬಿಲ್.
>
> ಅದೇ ಹೊತ್ತಿನಲ್ಲಿ 20 ಸಾಲಿನ ಬಿಲ್ 6 ಸೆಕೆಂಡಿನಲ್ಲಿ, 90 ಸಾಲಿನದು 26 ಸೆಕೆಂಡಿನಲ್ಲಿ ಉಳಿಯಿತು. ದೋಷ ಬಂದದ್ದು ದೊಡ್ಡದಕ್ಕೆ ಮಾತ್ರ. ವಿಂಡೋಸ್ 11, ಕ್ರೋಮ್, ವಿಪಿಎನ್ ಬಳಸಿಲ್ಲ. ಗ್ರಾಹಕರ ಹೆಸರು ಮತ್ತು ಸಂಖ್ಯೆಗಳನ್ನು ಚಿತ್ರಗಳಲ್ಲಿ ಮುಚ್ಚಿದ್ದೇನೆ. ಮೂಲ ಚಿತ್ರಗಳು ನನ್ನ ಬಳಿ ಇವೆ.
>
> ಸದ್ಯಕ್ಕೆ 504 ಬಂದರೆ ಎರಡು ನಿಮಿಷ ಕಾದು, ಪಟ್ಟಿ ನೋಡಿ, ಅಲ್ಲಿ ಇಲ್ಲದಿದ್ದರೆ ಮಾತ್ರ ಮತ್ತೆ ಉಳಿಸುತ್ತೇನೆ. ಕೆಲಸ ನಿಂತಿಲ್ಲ. ಸಂಜೆ ಆರರವರೆಗೆ ಫೋನಿನಲ್ಲಿ ಸಿಗುತ್ತೇನೆ.
>
> ವಂದನೆಗಳೊಂದಿಗೆ

ಮೊದಲ ಸಾಲಿನ ಮಳೆಯ ಮಾತನ್ನು ನಾನು ಬೇಕೆಂದೇ ಹಾಕಿದ್ದೇನೆ. ಅದು ಕುಶಲದ ಮಾತೂ ಹೌದು, ಕೇಳಲಿರುವ ಪ್ರಶ್ನೆಗೆ ಮೊದಲೇ ಕೊಟ್ಟ ಉತ್ತರವೂ ಹೌದು. ‘ಇದು ನನ್ನ ನೆಟ್‌ವರ್ಕಿನ ತಪ್ಪಲ್ಲ’ ಎಂದು ನೇರವಾಗಿ ಬರೆದರೆ ಯಾರೋ ಆರೋಪ ಮಾಡಿದಂತೆ, ನಾನು ವಾದಕ್ಕೆ ಇಳಿದಂತೆ ಕೇಳಿಸುತ್ತದೆ. ಕರೆಂಟೂ ಫೈಬರೂ ಸರಿಯಾಗಿವೆ ಎಂದರೆ ಮುಗಿಯಿತು. ಅದು ನಿಜವಾಗಿದ್ದಾಗ ಮಾತ್ರ ಬರೆಯಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ನಡುವೆ ಒಮ್ಮೆ ಕರೆಂಟು ಹೋಗಿದ್ದರೆ ಯಾವ ಹೊತ್ತಿಗೆ ಹೋಯಿತು, ಯಾವಾಗ ಬಂತು ಎಂದು ಅದನ್ನೂ ಬರೆಯಿರಿ.

ನಾನೇ ಎರಡನೆಯ ಸಲ ಒತ್ತಿದ್ದನ್ನು ಮುಚ್ಚಿಡಲಿಲ್ಲ. ಅದನ್ನು ಬಿಟ್ಟರೆ ಎರಡು ಬಿಲ್ ಹೇಗೆ ಬಂದವು ಎಂದು ತಂಡದವರಿಗೆ ಅರ್ಥವಾಗುವುದಿಲ್ಲ. ಒಮ್ಮೆ ಒತ್ತಿದಾಗಲೇ ಸಾಫ್ಟ್‌ವೇರ್ ಎರಡು ಬಿಲ್ ಮಾಡಿದೆ ಎಂದುಕೊಂಡು ಇಲ್ಲದ ದೋಷವನ್ನು ಹುಡುಕುತ್ತಾ ಕೂರುತ್ತಾರೆ. ಇನ್ನೊಂದು ಮಾತು: ಕಾರಣವನ್ನು ನಾನು ಹೇಳಿಲ್ಲ, ಕಂಡದ್ದನ್ನು ಮಾತ್ರ ಹೇಳಿದ್ದೇನೆ. nginx ಕಾಯುವ ಅವಧಿಯ ಬಗ್ಗೆ ನನಗೆ ತಿಳಿದಿದ್ದರೂ ‘ಒಂದು ನಿಮಿಷ ಹಿಡಿದಿದೆ’ ಎಂಬಲ್ಲಿಗೆ ನಿಲ್ಲಿಸಿದೆ. ಬಲ್ಲವರಿಗೆ ಅಷ್ಟು ಸಾಕು.

ಚಿತ್ರಗಳನ್ನು ಇಮೇಲಿನ ಅಕ್ಷರಗಳ ನಡುವೆ ಅಂಟಿಸದೆ ಲಗತ್ತುಗಳಾಗಿ ಸೇರಿಸಿದೆ. ನಡುವೆ ಅಂಟಿಸಿದರೆ ಮೊಬೈಲಿನಲ್ಲಿ ಅವು ಅಂಚೆಚೀಟಿಯಷ್ಟು ಕಿರಿದಾಗಿ ಕಾಣುತ್ತವೆ, ಮುಂದಕ್ಕೆ ಕಳುಹಿಸುವಾಗ ಕೆಲವೊಮ್ಮೆ ಕಳಚಿಯೂ ಹೋಗುತ್ತವೆ. ಜಿಮೇಲ್‌ನಲ್ಲಿ ಒಟ್ಟು 25 ಎಂಬಿವರೆಗೆ ಲಗತ್ತಿಸಬಹುದು. ಮೂರು ಸ್ಕ್ರೀನ್‌ಶಾಟ್‌ಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಉತ್ತರ ಬಂದ ಮೇಲೆ

ತಂಡದವರು ಕೆಲವೊಮ್ಮೆ ಎಚ್‌ಎಆರ್ ಕಡತ ಕೇಳುತ್ತಾರೆ. `Network` ಭಾಗದಲ್ಲಿ ದಾಖಲಾದದ್ದೆಲ್ಲವನ್ನೂ ಒಂದೇ ಕಡತವಾಗಿ ಉಳಿಸಿದರೆ ಅದೇ ಎಚ್‌ಎಆರ್. ಅದರಲ್ಲಿ ನಿಮ್ಮ ಲಾಗಿನ್ ಗುರುತುಗಳು ಸೇರಿಕೊಂಡಿರಬಹುದು. ಕೇಳದೆ ಕಳುಹಿಸಬೇಡಿ. ಕೇಳಿದರೆ ಮ್ಯಾನೇಜರ್ ಸೂಚಿಸಿದವರಿಗೆ ಮಾತ್ರ ಕಳುಹಿಸಿ, ನಂತರ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ.

ನನಗೆ ಬಂದ ಮೊದಲ ಉತ್ತರ ‘3188 ರದ್ದು ಮಾಡಲಾಗಿದೆ’ ಎಂದು. ಅದಾಗಿ ಎರಡು ದಿನಕ್ಕೆ ‘ಸಮಸ್ಯೆ ಸರಿಯಾಗಿದೆ, ಪರೀಕ್ಷಿಸಿ’ ಎಂದು ಇನ್ನೊಂದು ಬಂತು. ಇಲ್ಲಿ ಎರಡು ಬಗೆಯ ದುರಸ್ತಿಗಳನ್ನು ಬೇರೆ ಮಾಡಿ ನೋಡಬೇಕು. ಕಾಯುವ ಅವಧಿಯನ್ನು ಒಂದು ನಿಮಿಷದಿಂದ ಮೂರು ನಿಮಿಷಕ್ಕೆ ಏರಿಸಿದರೂ 504 ಮಾಯವಾಗುತ್ತದೆ. ಆದರೆ ಎರಡು ಬಿಲ್ ಆಗುವ ಅಪಾಯ ಹಾಗೆಯೇ ಉಳಿದಿರುತ್ತದೆ. ಇನ್ನೂ ದೊಡ್ಡ ಬಿಲ್ ಬಂದಾಗಲೋ, ಉಳಿಸುವ ನಡುವೆ ನಮ್ಮ ಕರೆಂಟು ಹೋಗಿ ಮತ್ತೆ ಒತ್ತಿದಾಗಲೋ ಅದು ಮರಳಿ ಬರುತ್ತದೆ. ಒಂದೇ ಬಿಲ್ ಎರಡನೆಯ ಸಲ ಬಂದರೆ ಸಾಫ್ಟ್‌ವೇರ್ ಗುರುತಿಸಿ ತಡೆಯುವುದು ನಿಜವಾದ ದುರಸ್ತಿ. ನಮ್ಮಂಥ ಊರಿನಲ್ಲಿ ಕೆಲಸ ಮಾಡುವವರಿಗೆ ಬೇಕಾದದ್ದು ಅದು.

ಆದ್ದರಿಂದ ಮುಂದಿನ ದೊಡ್ಡ ಬಿಲ್ ಬಂದಾಗ ಸಮಯ ಅಳೆದು, ಪಟ್ಟಿಯ ಹೊಸ ಚಿತ್ರ ತೆಗೆದು, ಅದೇ ಇಮೇಲಿಗೆ ಮರುತ್ತರವಾಗಿ ಇಷ್ಟು ಬರೆದೆ:

> ಮೇಡಂ, ಇಂದು 198 ಸಾಲುಗಳ ಬಿಲ್ 57 ಸೆಕೆಂಡಿನಲ್ಲಿ ಉಳಿಯಿತು, ದೋಷ ಬರಲಿಲ್ಲ, ಪಟ್ಟಿಯಲ್ಲಿ ಒಂದೇ ಇದೆ (ಚಿತ್ರ 4). ಆದರೆ ಒಂದು ಸಾಲಿಗೆ ಹಿಡಿಯುವ ಸಮಯ ಮೊದಲಿನಷ್ಟೇ ಇದೆ, ಇದು 60 ಸೆಕೆಂಡನ್ನೂ ದಾಟಲಿಲ್ಲ. ಬಿಲ್ ಎರಡನೆಯ ಸಲ ಬಂದರೆ ತಡೆಯುವ ವ್ಯವಸ್ಥೆ ಮಾಡಿದ್ದಾರೆಯೇ ಎಂದು ತಂಡವನ್ನು ಕೇಳಬಹುದೇ? ಅದು ತಿಳಿಯುವವರೆಗೆ 200ಕ್ಕಿಂತ ಹೆಚ್ಚು ಸಾಲಿನ ಬಿಲ್ ಉಳಿಸಿದ ಪ್ರತಿ ಸಲವೂ ಪಟ್ಟಿ ನೋಡಿಯೇ ಮುಂದೆ ಹೋಗುತ್ತೇನೆ.